ಕಾರಿನ ಪೇಂಟ್ ಮೇಲಿನ ಡಾಂಬರು, ಹಕ್ಕಿ ಹಿಕ್ಕೆ: ಗೀರು ಬೀಳದಂತೆ ತೆಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

## ಹಿಕ್ಕೆ ಒರೆಸಿದ್ದು ಮೆತ್ತನೆ ಬಟ್ಟೆಯಲ್ಲೇ. ಹಾಗಿದ್ದೂ ಗೀರು ಎಲ್ಲಿಂದ ಬಂತು?

ಬಟ್ಟೆಯಿಂದ ಬಂದಿಲ್ಲ, ಹಿಕ್ಕೆಯಿಂದಲೇ ಬಂದಿದೆ. ಹಕ್ಕಿಗೆ ಹಲ್ಲಿಲ್ಲ. ಕಾಳು ತಿನ್ನುವ ಹಕ್ಕಿಗಳು ಸಣ್ಣ ಸಣ್ಣ ಕಲ್ಲು, ಮರಳು ನುಂಗಿ ಹೊಟ್ಟೆಯೊಳಗೇ ಕಾಳನ್ನು ಅರೆದುಕೊಳ್ಳುತ್ತವೆ. ಆ ಮರಳಿನಲ್ಲಿ ಒಂದಿಷ್ಟು ಹಿಕ್ಕೆಯ ಜೊತೆ ಹೊರಗೆ ಬರುತ್ತದೆ. ಹಣ್ಣು ತಿನ್ನುವ ಹಕ್ಕಿಯಾದರೆ ಗಟ್ಟಿ ಬೀಜಗಳಿರುತ್ತವೆ. ಅದರ ಮೇಲೆ ಬೀದಿಯ ದೂಳು ಬೇರೆ ಕೂತಿರುತ್ತದೆ.

ನಂಬಿಕೆ ಬಾರದಿದ್ದರೆ ಒಣಗಿದ ಒಂದು ಚೂರನ್ನು ಗಾಜಿನ ಲೋಟದ ನೀರಿಗೆ ಹಾಕಿ ಅರ್ಧ ಗಂಟೆ ಬಿಡಿ. ಬಿಳಿ ಭಾಗ ನೆನೆದು ಸುಣ್ಣದ ತಿಳಿಯಂತೆ ಸಡಿಲವಾಗುತ್ತದೆ. ಲೋಟವನ್ನು ಮೆಲ್ಲಗೆ ವಾಲಿಸಿದರೆ ತಳದಲ್ಲಿ ಏನೋ ಉರುಳುವುದು ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ. ಅದನ್ನು ಬಟ್ಟೆಯಡಿ ಒತ್ತಿ ಪೇಂಟ್ ಮೇಲೆ ಎಳೆದಾಡಿದರೆ ಅದು ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪು, ರಕ್ಷಣೆ ಎರಡೂ ಆ ಪದರದ್ದೇ. ನಾವು ಒರೆಸುವಾಗ ಬೀಳುವ ಗೀರುಗಳು ಇದರ ಮೇಲ್ಮೈಯಲ್ಲಿರುತ್ತವೆ. ನೆರಳಲ್ಲಿ ಒಂದೂ ಕಾಣುವುದಿಲ್ಲ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದರೆ ಬೆಳಕಿನ ಸುತ್ತ ಜೇಡರ ಬಲೆಯಂತೆ ಹೊಳೆಯುತ್ತವೆ. ದುಂಡಗೆ ಉಜ್ಜಿದ್ದರಿಂದಲೇ ಹಾಗೆ ಕಾಣುತ್ತದೆ ಅಂದುಕೊಳ್ಳಬೇಡಿ. ಗೀರು ಎಲ್ಲ ದಿಕ್ಕಿಗೂ ಇರುತ್ತದೆ, ಬೆಳಕಿಗೆ ಅಡ್ಡವಾಗಿರುವವು ಮಾತ್ರ ಮಿನುಗುವುದರಿಂದ ಬಲೆಯಂತೆ ತೋರುತ್ತದೆ.

ನನ್ನ ಕಪ್ಪು ಕಾರಿನ ಬಾನೆಟ್ ಮೇಲೆ ಅಂಗೈಯಗಲದ ಇಂಥ ಬಲೆಯೊಂದು ಈಗಲೂ ಇದೆ. ಕೆಲಸಕ್ಕೆ ಹೊರಟ ಆತುರದಲ್ಲಿ ಜೇಬಿನ ಕರವಸ್ತ್ರಕ್ಕೆ ಒಂದಿಷ್ಟು ನೀರು ಹಾಕಿಕೊಂಡು ನಾನೇ ಉಜ್ಜಿದ್ದು. ಹತ್ತು ಸೆಕೆಂಡಿನ ಕೆಲಸ.

## ಎಷ್ಟು ಹೊತ್ತಿನೊಳಗೆ ತೆಗೆಯಬೇಕು?

ಹಿಕ್ಕೆಗೂ ಡಾಂಬರಿಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಡಾಂಬರು ನಾಲ್ಕು ದಿನ ಕೂತರೂ ಅಷ್ಟರಲ್ಲಿ ಪೇಂಟ್ ಕೆಡುವುದು ಅಪರೂಪ. ತೆಗೆಯುವ ಕೆಲಸ ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ತಿಳಿ ಬಣ್ಣದ ಕಾರಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಂದು ಕಲೆ ಉಳಿಯಬಹುದು.

ಹಿಕ್ಕೆ ಹಾಗಲ್ಲ. ಬಿಸಿಲಿಗೆ ಲೋಹ ಕಾದಾಗ ಕ್ಲಿಯರ್ ಕೋಟ್ ತುಸು ಮೆತ್ತಗಾಗಿ ಹಿಗ್ಗುತ್ತದೆ. ಅದೇ ಹೊತ್ತಿಗೆ ಮೇಲಿನ ಹಿಕ್ಕೆ ಒಣಗಿ ಗಟ್ಟಿಯಾಗಿ ಕುಗ್ಗುತ್ತದೆ. ಸಂಜೆ ತಂಪಾದಾಗ ಮೆತ್ತಗಾಗಿದ್ದ ಪದರ ಹಿಕ್ಕೆಯ ಒರಟು ಅಡಿಭಾಗದ ಅಚ್ಚನ್ನೇ ತಳೆದು ಗಟ್ಟಿಯಾಗುತ್ತದೆ. ಆಮೇಲೆ ಹಿಕ್ಕೆ ಪೂರ್ತಿ ಹೋದರೂ ಆ ಜಾಗ ಮಂಕಾಗಿ, ಸುಕ್ಕುಗಟ್ಟಿದಂತೆ ಉಳಿಯುತ್ತದೆ. ಹಿಕ್ಕೆಯ ಆಮ್ಲೀಯತೆಯೂ ಸೇರಿಕೊಳ್ಳುತ್ತದೆ ನಿಜ, ಆದರೆ ಬಿಸಿಲಿಲ್ಲದೆ ಅದೊಂದೇ ಇಷ್ಟು ಬೇಗ ಹಾನಿ ಮಾಡುವುದಿಲ್ಲ.

ಹಾಗಾಗಿ ಸುಡುಬಿಸಿಲಲ್ಲಿ ನಿಲ್ಲುವ ಕಾರಾದರೆ ಅದೇ ದಿನ, ಸಾಧ್ಯವಾದರೆ ಕೆಲವೇ ಗಂಟೆಯೊಳಗೆ ತೆಗೆಯಿರಿ. ನೆರಳಲ್ಲಿ ನಿಂತಿದ್ದರೆ ಮರುದಿನದವರೆಗೆ ಕಾಯಬಹುದು. ಅವಸರ ಬೇಕಾದದ್ದು ಕೆಲಸ ಶುರು ಮಾಡುವುದರಲ್ಲಿ, ಕೈಯಾಡಿಸುವುದರಲ್ಲಿ ಅಲ್ಲ.

## ಒಣಗಿ ಗಟ್ಟಿಯಾದ ಹಿಕ್ಕೆಯನ್ನು ತೆಗೆಯುವ ಸರಿಯಾದ ಕ್ರಮ ಯಾವುದು?

ನೆನೆಸಬೇಕು, ಎತ್ತಬೇಕು, ಆಮೇಲೆ ತೊಳೆಯಬೇಕು. ಉಜ್ಜುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಮೊದಲು ಕಾರನ್ನು ನೆರಳಿಗೆ ತಂದು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬಿಸಿಯಿದ್ದರೆ ಆರುವವರೆಗೆ ಕಾಯಿರಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಐದಾರು ಹನಿ ಕಾರ್ ಶಾಂಪೂ ಬೆರೆಸಿ. ಬೆಚ್ಚಗಿನ ನೀರೇ ಏಕೆಂದರೆ ಹಿಕ್ಕೆಯ ಬಿಳಿ ಭಾಗ ಹೆಚ್ಚಾಗಿ ಯೂರಿಕ್ ಆಮ್ಲ. ಅದು ತಣ್ಣೀರಿನಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ, ಬಿಸಿಯಲ್ಲೂ ಸ್ವಲ್ಪವೇ. ಪೂರ್ತಿ ಕರಗಲಿ ಎಂದು ಕಾಯಬೇಕಿಲ್ಲ, ಪೇಂಟಿನ ಹಿಡಿತ ಬಿಟ್ಟರೆ ಸಾಕು. ಹಾಗೆಂದು ಕುದಿಯುವ ನೀರು ಸುರಿಯಬೇಡಿ.

ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಈ ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಹಿಕ್ಕೆಯ ಮೇಲೆ ಹಾಸಿ. ಹತ್ತು ನಿಮಿಷ ಬಿಡಿ. ಜ್ವರಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತೇವಲ್ಲ, ಹಾಗೆ. ಮಧ್ಯೆ ಒಂದೆರಡು ಸಲ ಮೇಲಿಂದ ನೀರು ಚಿಮುಕಿಸಿ. ಗಾಳಿ ಜೋರಿದ್ದು ಬೇಗ ಆರುತ್ತಿದ್ದರೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ.

ಆಮೇಲೆ ಟಿಶ್ಯೂವನ್ನು ಅಂಚಿನಿಂದ ಒಳಕ್ಕೆ, ಮೇಲಕ್ಕೆ ಚಿವುಟಿ ಎತ್ತಿ. ನೆಲದ ಮೇಲೆ ಬಿದ್ದ ಅನ್ನದ ಅಗುಳನ್ನು ಹಿಸುಕದೆ ತೆಗೆಯುವ ಹಾಗೆ. ಬಹುಪಾಲು ಟಿಶ್ಯೂಗೇ ಅಂಟಿಕೊಂಡು ಬರುತ್ತದೆ. ಉಳಿದದ್ದು ಇನ್ನೂ ಗಟ್ಟಿಯಿದ್ದರೆ ಹೊಸ ಟಿಶ್ಯೂ, ಇನ್ನೈದು ನಿಮಿಷ. ಟಿಶ್ಯೂವನ್ನು ಇಡುವುದಕ್ಕೆ, ಎತ್ತುವುದಕ್ಕೆ ಮಾತ್ರ ಬಳಸಿ. ಅದು ಮರದ ನಾರು. ಪೇಂಟ್ ಮೇಲೆ ಎಳೆದರೆ ಅದೇ ಗೀರುತ್ತದೆ.

ಈಗ ಮೇಲಿನಿಂದ ಧಾರಾಳವಾಗಿ ನೀರು ಹರಿಸಿ. ಬೆರಳಿಗೆ ಏನೂ ತಗಲದ ಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒಂದೇ ದಿಕ್ಕಿಗೆ, ಬಟ್ಟೆಯ ಭಾರವಷ್ಟೇ ಬೀಳುವಂತೆ ಒಮ್ಮೆ ಎಳೆದು, ಒಣ ಬಟ್ಟೆ ಒತ್ತಿ ನೀರು ಹೀರಿಸಿ.

ಕೈಗವಸು ಇದ್ದರೆ ಹಾಕಿಕೊಳ್ಳಿ. ಒಣ ಹಿಕ್ಕೆಯನ್ನು ಕೆರೆದು ಪುಡಿ ಎಬ್ಬಿಸುವುದು ಪೇಂಟಿಗಷ್ಟೇ ಅಲ್ಲ, ಉಸಿರಿಗೂ ಒಳ್ಳೆಯದಲ್ಲ.

## ದಾರಿ ಮಧ್ಯೆ ಬಿದ್ದರೆ? ಬಕೆಟ್ ಎಲ್ಲಿಂದ ತರುವುದು?

ಡಿಕ್ಕಿಯಲ್ಲಿ ಮೂರು ವಸ್ತು ಇಟ್ಟುಕೊಳ್ಳಿ: ಶಾಂಪೂ ಬೆರೆಸಿದ ನೀರಿನ ಅರ್ಧ ಲೀಟರ್ ಸ್ಪ್ರೇ ಬಾಟಲಿ, ಒಂದು ಕಟ್ಟು ಟಿಶ್ಯೂ, ಮುಚ್ಚಿದ ಕವರಿನೊಳಗೆ ಎರಡು ಮೈಕ್ರೋಫೈಬರ್ ಬಟ್ಟೆ. ಕವರ್ ಇಲ್ಲದಿದ್ದರೆ ಬಟ್ಟೆಗೆ ಡಿಕ್ಕಿಯ ಮಣ್ಣೆಲ್ಲ ಮೆತ್ತಿಕೊಳ್ಳುತ್ತದೆ. ಕ್ರಮ ಮೇಲೆ ಹೇಳಿದ್ದೇ.

ಏನೂ ಇಲ್ಲವೇ? ಕುಡಿಯುವ ನೀರನ್ನೇ ಸುರಿದು ಕಾರನ್ನು ನೆರಳಿಗೆ ಸರಿಸಿ, ಹೋದಷ್ಟು ಹೋಗಲಿ ಎಂದು ಬಿಡಿ. ಒಣ ಬಟ್ಟೆಯಲ್ಲಿ ತಿಕ್ಕುವುದಕ್ಕಿಂತ ಮನೆ ತಲುಪುವವರೆಗೆ ಹಿಕ್ಕೆ ಅಲ್ಲೇ ಇರುವುದು ಮೇಲು.

## ಡಾಂಬರಿನ ಚುಕ್ಕೆ ಎಷ್ಟು ತೊಳೆದರೂ ಹೋಗುತ್ತಿಲ್ಲವಲ್ಲ?

ನೀರಿಗೂ ಶಾಂಪೂಗೂ ಹೋಗುವ ವಸ್ತುವಲ್ಲ ಅದು. ರಸ್ತೆಗೆ ಹಾಕುವ ಡಾಂಬರು ಕಚ್ಚಾ ತೈಲ ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. ಎಣ್ಣೆಯ ಜಾತಿಯ ವಸ್ತುವನ್ನು ಎಣ್ಣೆಯ ಜಾತಿಯ ದ್ರಾವಕವೇ ಕರಗಿಸಬೇಕು. ಅಂಗಡಿಯಲ್ಲಿ ಸಿಗುವ ಟಾರ್ ರಿಮೂವರ್‌ಗಳಲ್ಲಿ ಹೆಚ್ಚಿನವು ಇಂಥ ಪೆಟ್ರೋಲಿಯಂ ದ್ರಾವಕಗಳೇ.

ಮೊದಲು ಅದು ಡಾಂಬರೇ ಹೌದೋ ನೋಡಿಕೊಳ್ಳಿ. ಡಾಂಬರು ಚಕ್ರದಿಂದ ಸಿಡಿಯುವುದರಿಂದ ಚಕ್ರದ ಹಿಂಬದಿ, ಬಾಗಿಲಿನ ಕೆಳಭಾಗ, ಹಿಂದಿನ ಬಂಪರಿನ ಮೂಲೆ ಇವೇ ಅದರ ಜಾಗ. ಕಪ್ಪಗೆ ಉಬ್ಬಿದ ಚುಕ್ಕೆ, ಉಗುರಿಗೆ ತುಸು ಅಂಟು. ಚೂಪಾದ ಕಿತ್ತಳೆ-ಕಂದು ಚುಕ್ಕೆಗಳಾದರೆ ಬ್ರೇಕಿನಿಂದ ಹಾರಿದ ಕಬ್ಬಿಣದ ಕಣಗಳಿರಬಹುದು. ಅದಕ್ಕೆ ಟಾರ್ ರಿಮೂವರ್ ಏನೂ ಮಾಡುವುದಿಲ್ಲ.

ಕಾರಿನ ಕೆಳಭಾಗವೇ ಅತಿ ಹೆಚ್ಚು ಮಣ್ಣು ಕೂರುವ ಜಾಗ. ಆದ್ದರಿಂದ ಮೊದಲು ಶಾಂಪೂ ಹಾಕಿ ತೊಳೆದು, ಒಣಗಿಸಿ, ಆಮೇಲೆ ಡಾಂಬರಿಗೆ ಕೈ ಹಾಕಿ. ಒದ್ದೆಯ ಮೇಲೆ ಹಾಕಿದರೆ ನೀರಿನ ಪೊರೆ ದ್ರಾವಕವನ್ನು ಡಾಂಬರಿಗೆ ತಗಲಗೊಡುವುದಿಲ್ಲ.

ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಸರಿಯಿದ್ದರೆ ಬಟ್ಟೆಯ ತುಂಡಿಗೆ ಹಾಕಿಕೊಂಡು ಚುಕ್ಕೆಯ ಮೇಲೆ ಒತ್ತಿ ಹಿಡಿಯಿರಿ, ಅಥವಾ ತೆಳ್ಳಗೆ ಸಿಂಪಡಿಸಿ. ಒಂದೆರಡು ನಿಮಿಷದಲ್ಲಿ ಚುಕ್ಕೆಯ ಅಂಚು ಮಸುಕಾಗಿ, ಅಲ್ಲಿಂದ ಕಂದು ಬಣ್ಣದ ಗೆರೆಯೊಂದು ಕಾಫಿ ಡಿಕಾಕ್ಷನ್ ಇಳಿದಂತೆ ಕೆಳಗೆ ಜಾರುತ್ತದೆ. ಆ ಗೆರೆ ಕಾಣಿಸುವವರೆಗೆ ಕೈ ಕಟ್ಟಿಕೊಂಡು ನಿಲ್ಲಬೇಕು. ಗೀರು ಬೀಳುವುದೆಲ್ಲ ಈ ಎರಡು ನಿಮಿಷ ಕಾಯಲಾಗದವರ ಕಾರಿನಲ್ಲೇ.

ಗೆರೆ ಇಳಿದ ಮೇಲೂ ಒರೆಸಬೇಡಿ. ಡಾಂಬರು ಕರಗಿದೆ, ಅದು ಹಿಡಿದಿಟ್ಟುಕೊಂಡಿದ್ದ ಕಲ್ಲುಪುಡಿ ಕರಗಿಲ್ಲ. ಈಗ ಅದು ಬಿಡಿ ಬಿಡಿಯಾಗಿ ನಿಮ್ಮ ಬಟ್ಟೆಗಾಗಿಯೇ ಕಾದಿದೆ. ಬಟ್ಟೆಯನ್ನು ಚುಕ್ಕೆಯ ಮೇಲೆ ಒತ್ತಿ, ನೇರ ಮೇಲಕ್ಕೆ ಎತ್ತಿ, ಮಡಿಕೆ ಬದಲಿಸಿ, ಮತ್ತೆ ಒತ್ತಿ. ದಪ್ಪ ಚುಕ್ಕೆಗೆ ಮೂರು ನಾಲ್ಕು ಸುತ್ತು ಬೇಕಾಗಬಹುದು. ಕಡೆಗೆ ಉಳಿದ ಕಂದು ಛಾಯೆಯನ್ನು ಹೊಸ ಮಡಿಕೆಯಿಂದ ಹಗುರವಾಗಿ ತೆಗೆಯಿರಿ. ದ್ರಾವಕ ಅಲ್ಲೇ ಒಣಗಲು ಬಿಡದೆ, ಒಂದು ಬಾಗಿಲು ಮುಗಿದ ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ.

## ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹಾಕಿದರೆ ಆಗುವುದಿಲ್ಲವೇ?

ಸೀಮೆಎಣ್ಣೆ ಕೆಲಸ ಮಾಡುತ್ತದೆ. ಗಟ್ಟಿಯಾಗಿ ಒಣಗಿದ ಕಂಪನಿ ಪೇಂಟಿಗೆ ಸ್ವಲ್ಪ ಹೊತ್ತು ತಗಲಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹಿಂದೆ ಜಿಡ್ಡು ಉಳಿಯುತ್ತದೆ, ಆ ಜಿಡ್ಡಿಗೆ ದೂಳು ಕೂರುತ್ತದೆ. ಎರಡು ಸಲ ಶಾಂಪೂ ಹಾಕಿ ತೊಳೆದರೆ ಸರಿ.

ಪೆಟ್ರೋಲ್ ಬೇಡ. ಅದು ಕ್ಷಣದಲ್ಲಿ ಆವಿಯಾಗುವುದರಿಂದ ಡಾಂಬರು ಮೆತ್ತಗಾಗುವಷ್ಟು ಹೊತ್ತು ನಿಲ್ಲುವುದಿಲ್ಲ. ಕೈ ತಾನಾಗಿ ಉಜ್ಜಲು ಶುರು ಮಾಡುತ್ತದೆ. ಬೆಂಕಿಯ ಅಪಾಯ ಹೇಳಬೇಕಿಲ್ಲ. ಥಿನ್ನರ್ ಅಂತೂ ಪೇಂಟನ್ನೇ ಮೆತ್ತಗೆ ಮಾಡಬಲ್ಲದು, ಅದರಲ್ಲೂ ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗವನ್ನು. ಡಾಂಬರಿನ ಜೊತೆ ಬಣ್ಣವೂ ಬಂದದ್ದನ್ನು ನಾನು ನೋಡಿದ್ದೇನೆ.

ಅಡುಗೆ ಎಣ್ಣೆ ನಿಧಾನ, ಆದರೆ ನಿರಪಾಯಕಾರಿ. ಹತ್ತಿಗೆ ಹಚ್ಚಿ ಅರ್ಧ ಗಂಟೆ ಇಟ್ಟರೆ ಸಣ್ಣ ಹೊಸ ಚುಕ್ಕೆಗಳು ಸಡಿಲವಾಗುತ್ತವೆ. ಹಳೆಯ ದಪ್ಪ ಚುಕ್ಕೆಗೆ ಸಾಲದು.

ಯಾವುದೇ ದ್ರಾವಕವಾದರೂ ಹೆಡ್‌ಲೈಟಿನಿಂದ ದೂರವಿರಲಿ. ಅದರ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಕೆಲವು ದ್ರಾವಕಗಳಿಗೆ ನವಿರಾಗಿ ಬಿರುಕು ಬಿಡುತ್ತದೆ. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್‌ಗಳಿಗೂ ತಗಲಿಸಬೇಡಿ. ಜಾಗದಲ್ಲಿ ಗಾಳಿಯಾಡುತ್ತಿರಲಿ, ಹತ್ತಿರ ಬೆಂಕಿ ಬೇಡ.

## ಎಂಥ ಬಟ್ಟೆ? ಹಳೇ ಬನಿಯನ್ ಸಾಕಲ್ಲವೇ?

ಬನಿಯನ್ ಮೆತ್ತಗಿರುತ್ತದೆ ನಿಜ. ಆದರೆ ಅದರ ಮೈ ಚಪ್ಪಟೆ, ಸಿಕ್ಕಿದ ಮರಳಿಗೆ ಒಳಗೆ ಹೋಗಲು ಜಾಗವಿಲ್ಲ. ಮರಳು ಬಟ್ಟೆಗೂ ಪೇಂಟಿಗೂ ನಡುವೆಯೇ ಉಳಿದು ಗೀರುತ್ತದೆ. ಮೈಕ್ರೋಫೈಬರಿನ ಉದ್ದ ಎಳೆಗಳ ನಡುವೆ ಕಣ ಇಳಿದು ಅಡಗುತ್ತದೆ. 350 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 350 ಗ್ರಾಂ ಆಸುಪಾಸು ತೂಗುವ ದಪ್ಪನೆಯದು ತೆಗೆದುಕೊಳ್ಳಿ, ಅಂಚಿನ ಲೇಬಲ್ಲನ್ನು ಕತ್ತರಿಸಿ ಹಾಕಿ. ಬಹಳ ಜನ ಮರೆಯುವುದು ಅದನ್ನೇ.

ಬಟ್ಟೆಯನ್ನು ಎರಡು ಸಲ ಅರ್ಧಕ್ಕೆ ಮಡಚಿದರೆ ಎಂಟು ಶುದ್ಧ ಮುಖಗಳು ಸಿಗುತ್ತವೆ. ಒಂದು ಮುಖಕ್ಕೆ ಕಂದು ಹತ್ತಿದರೆ ಇನ್ನೊಂದಕ್ಕೆ ತಿರುಗಿಸಿ. ನೆಲಕ್ಕೆ ಬಿದ್ದ ಬಟ್ಟೆ ಆ ದಿನ ಮತ್ತೆ ಪೇಂಟ್ ಮುಟ್ಟಬಾರದು, ಎಷ್ಟು ಕೊಡವಿದರೂ ಸರಿಯೇ. ಡಾಂಬರಿನ ಬಟ್ಟೆಯನ್ನು ಆ ಕೆಲಸಕ್ಕೇ ಮೀಸಲಿಡಿ. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ಎಳೆಗಳಿಗೆ ಮೇಣ ಬಳಿದಂತಾಗಿ ನೀರು ಹೀರುವುದೇ ಇಲ್ಲ.

## ಪ್ರೆಶರ್ ವಾಷರ್‌ನಲ್ಲಿ ಹೊಡೆದರೆ ಬೇಗ ಆಗುತ್ತದಲ್ಲ?

ನೆನೆದ ಹಿಕ್ಕೆಗೆ ಒಳ್ಳೆಯದು. ಕೈ ಮುಟ್ಟದೆಯೇ ಕೆಲಸ ಮುಗಿಯುತ್ತದೆ. ಒಣ ಹಿಕ್ಕೆಗೆ ಮೊದಲು ಟಿಶ್ಯೂ ಹಾಕಿ ನೆನೆಸಿ, ಆಮೇಲೆ ಹೊಡೆಯಿರಿ, ಒಂದಡಿಗಿಂತ ಹತ್ತಿರ ಹಿಡಿಯಬೇಡಿ. ಪೇಂಟ್ ಚಕ್ಕೆ ಎದ್ದ ಜಾಗವಿದ್ದರೆ ನೀರಿನ ಏಟಿಗೆ ಚಕ್ಕೆ ದೊಡ್ಡದಾಗುತ್ತದೆ. ಡಾಂಬರಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

## ಎರಡೂ ಒಟ್ಟಿಗೆ ಇದ್ದರೆ ಎಲ್ಲಿಂದ ಶುರು ಮಾಡಬೇಕು?

ಒಬ್ಬ ಗೆಳೆಯನ ಕಡುನೀಲಿ ಕಾರಿನಲ್ಲಿ ಮಾಡಿದ್ದನ್ನು ಇದ್ದಹಾಗೇ ಹೇಳುತ್ತೇನೆ. ಹೊಸದಾಗಿ ಡಾಂಬರು ಹಾಕಿದ್ದ ರಸ್ತೆಯಲ್ಲಿ ಬಂದು ಎರಡು ದಿನ ಮರದಡಿ ನಿಲ್ಲಿಸಿದ್ದ. ಬಾನೆಟ್ ಮೇಲೆ ಒಂದು, ಟಾಪ್ ಮೇಲೆ ಎರಡು ಹಿಕ್ಕೆ. ಎಡಗಡೆಯ ಎರಡು ಬಾಗಿಲಿನ ಕೆಳಗೆ ಸುಮಾರು ನಲವತ್ತು ಡಾಂಬರು ಚುಕ್ಕೆ, ಹೆಚ್ಚಿನವು ಸಾಸಿವೆ ಗಾತ್ರ, ನಾಲ್ಕೈದು ಕಡಲೆಬೇಳೆಯಷ್ಟು.

ಬೆಳಗ್ಗೆ ಏಳಕ್ಕೆ, ಲೋಹ ತಣ್ಣಗಿರುವಾಗ, ಮೂರು ಹಿಕ್ಕೆಗೂ ಒದ್ದೆ ಟಿಶ್ಯೂ ಹಾಸಿದೆವು. ಹತ್ತು ನಿಮಿಷಕ್ಕೆ ಟಾಪ್ ಮೇಲಿನ ಎರಡೂ ಸಲೀಸಾಗಿ ಬಂದವು. ಬಾನೆಟ್ಟಿನದು ಬರಲಿಲ್ಲ. ಬೀಜವೊಂದು ನಡುವೆ ಸಿಕ್ಕಿಕೊಂಡಿತ್ತು. ಗೆಳೆಯ ಉಗುರು ಹಾಕಲು ಹೋದ, ತಡೆದೆ. ಇನ್ನೆರಡು ಸುತ್ತು ಟಿಶ್ಯೂ ಆದ ಮೇಲೆ ಬೀಜ ತಾನಾಗಿ ಟಿಶ್ಯೂವಿನಲ್ಲೇ ಎದ್ದು ಬಂತು.

ಆಮೇಲೆ ಮೇಲಿನಿಂದ ಕೆಳಕ್ಕೆ ಇಡೀ ಕಾರು ತೊಳೆದೆವು. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಬಾಗಿಲಿನ ಕೆಳಭಾಗ ಕಡೆಯದು. ಒಣಗಿಸಿ, ಮೊದಲು ಮುಂದಿನ ಬಾಗಿಲಿಗೆ ಮಾತ್ರ ಟಾರ್ ರಿಮೂವರ್ ಹಾಕಿದೆವು. ಸಾಸಿವೆ ಚುಕ್ಕೆಗಳು ಒಂದೇ ಸುತ್ತಿಗೆ ಹೋದವು. ಕಡಲೆಬೇಳೆಯಂಥವಕ್ಕೆ ನಾಲ್ಕು ಸುತ್ತು ಬೇಕಾಯಿತು. ಒತ್ತಿ ಎತ್ತಿದ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಕಂದು ಕಲೆಯ ನಡುವೆ ಮೂರು ಬೂದು ಕಲ್ಲುಪುಡಿ ಕಾಣುತ್ತಿದ್ದವು. ಉಜ್ಜಿದ್ದರೆ ಬಾಗಿಲಿನ ಮೇಲೆ ಮೂರು ಗೆರೆ ಎಳೆಯುತ್ತಿದ್ದವು ಅವೇ. ತೊಳೆದು, ಹಿಂದಿನ ಬಾಗಿಲಿಗೆ ಹೋದೆವು. ಒಟ್ಟು ಒಂದೂಮುಕ್ಕಾಲು ಗಂಟೆ, ಐದು ಬಟ್ಟೆ.

ರಾತ್ರಿ ಟಾರ್ಚ್ ಹಿಡಿದು ನೋಡಿದೆವು. ಬಾಗಿಲಿನಲ್ಲಿ ಹೊಸ ಗೀರಿಲ್ಲ. ಬಾನೆಟ್ ಮೇಲೆ ಬೀಜವಿದ್ದ ಜಾಗದಲ್ಲಿ ಮಾತ್ರ ಬೆರಳ ತುದಿಯಷ್ಟು ಮಂಕು ಉಂಗುರ.

## ಅಂಥ ಮಂಕು ಗುರುತಿಗೆ ಏನು ಮಾಡಬೇಕು?

ಮೊದಲು ಅದು ಪದರದ ಮೇಲಿದೆಯೋ ಪದರದಲ್ಲೇ ಇದೆಯೋ ತಿಳಿಯಬೇಕು. ತೊಳೆದು ಒಣಗಿಸಿ ಬೆರಳು ಮೆಲ್ಲಗೆ ಸವರಿ. ಉಬ್ಬಿದ್ದರೆ ಕೊಳೆ ಇನ್ನೂ ಉಳಿದಿದೆ, ಮತ್ತೆ ನೆನೆಸಿ. ನುಣುಪಾಗಿದ್ದು, ಅದರಲ್ಲಿ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ಮಾತ್ರ ಆ ಜಾಗದಲ್ಲಿ ಅಲೆಯಾಗಿ ಒಡೆದರೆ ಕ್ಲಿಯರ್ ಕೋಟೇ ಅಚ್ಚು ತಳೆದಿದೆ.

ಹೊಸ ಗುರುತಾದರೆ ಶಾಖ ಕೆಲವೊಮ್ಮೆ ಕೆಲಸಕ್ಕೆ ಬರುತ್ತದೆ. ಹೇರ್ ಡ್ರೈಯರನ್ನು ಅರ್ಧ ಅಡಿ ದೂರದಲ್ಲಿ ಆಡಿಸುತ್ತಾ, ಅಂಗೈ ಇಟ್ಟರೆ ಬಿಸಿ ತಾಳುವಷ್ಟು ಮಾತ್ರ ಕಾಯಿಸಿ ಆರಲು ಬಿಡಿ. ಮೆತ್ತಗಾದ ಪದರ ತುಸು ಸಮವಾಗಿ ಗುರುತು ಮಸುಕಾಗಬಹುದು. ಗೆಳೆಯನ ಕಾರಿನಲ್ಲಿ ಅರ್ಧದಷ್ಟು ಹೋಯಿತು, ಪೂರ್ತಿ ಹೋಗಲಿಲ್ಲ.

ಉಳಿದದ್ದಕ್ಕೆ ನುಣುಪು ಪಾಲಿಶ್, ಮೆತ್ತನೆ ಫೋಮ್ ಪ್ಯಾಡ್. ಕೈಯಲ್ಲೇ ಗುರುತಿನ ಮೇಲೆ ಹತ್ತಿಪ್ಪತ್ತು ಸಲ ತಿಕ್ಕಿ, ಒರೆಸಿ, ನೋಡಿ. ಪಾಲಿಶ್ ಅಂದರೆ ಸುತ್ತಲಿನ ಪದರವನ್ನು ತಗ್ಗಿನ ಮಟ್ಟಕ್ಕೆ ಸವೆಸುವುದೇ ಹೊರತು ತಗ್ಗನ್ನು ತುಂಬುವುದಲ್ಲ. ಆ 40 ಮೈಕ್ರಾನ್ ಮತ್ತೆ ಬೆಳೆಯುವುದಿಲ್ಲ. ಎರಡು ಮೂರು ಸುತ್ತಿಗೂ ಹೋಗದಿದ್ದರೆ ಬಿಡಿ. ಉಗುರಿನ ತುದಿ ತಡೆಯುವಷ್ಟು ಆಳವಿದ್ದರೆ, ಇಲ್ಲವೇ ಪದರ ಬಿರುಕು ಬಿಟ್ಟಿದ್ದರೆ ಪಾಲಿಶ್ ಪ್ರಯೋಜನಕ್ಕಿಲ್ಲ. ಪೇಂಟಿನ ದಪ್ಪ ಅಳೆಯುವ ಮೀಟರ್ ಇರುವವರಿಗೆ ತೋರಿಸಿ.

## ಡಾಂಬರಿಗೆ ಕ್ಲೇ ಬಾರ್ ಬಳಸಬಹುದೇ?

ಕ್ಲೇ ಬಾರ್ ಅಂದರೆ ಪೇಂಟಿಗೆ ಅಂಟಿದ ಕಣಗಳನ್ನು ಎತ್ತುವ ಜೇಡಿಯಂಥ ಮುದ್ದೆ. ಮೊದಲಿಗೇ ಬೇಡ. ಕ್ಲೇಗೆ ಡಾಂಬರೂ ಕಲ್ಲುಪುಡಿಯೂ ಮೆತ್ತಿಕೊಂಡರೆ ಅದೇ ಗೀರುವ ಸಾಧನವಾಗುತ್ತದೆ. ಟಾರ್ ರಿಮೂವರ್ ಆದ ಮೇಲೂ ಮೈ ಒರಟಾಗಿದ್ದರೆ ಧಾರಾಳ ಶಾಂಪೂ ನೀರಿನ ಜಾರಿಕೆಯಲ್ಲಿ ಬಳಸಿ. ಒರಟು ತಿಳಿಯಲು ತೆಳು ಪ್ಲಾಸ್ಟಿಕ್ ಕವರನ್ನು ಕೈಗೆ ಹಾಕಿಕೊಂಡು ತೊಳೆದ ಪೇಂಟ್ ಮೇಲೆ ಸವರಿ. ಬರಿಗೈಗೆ ಸಿಗದ ಕಣವೂ ತಿಳಿಯುತ್ತದೆ. ಕೆಳಗೆ ಬಿದ್ದ ಕ್ಲೇ ಕಸದ ಬುಟ್ಟಿಗೆ.

## ಹೊಸ ಪೇಂಟ್, ಮ್ಯಾಟ್ ಪೇಂಟ್, ಪಿಪಿಎಫ್ ಇದ್ದರೆ?

ಗ್ಯಾರೇಜಿನಲ್ಲಿ ಈಚೆಗೆ ಬಣ್ಣ ಹೊಡೆಸಿದ್ದರೆ ಪೇಂಟ್ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಷ್ಟರವರೆಗೆ ದ್ರಾವಕ ಬೇಡ, ಹೊಡೆದವರನ್ನೇ ಕೇಳಿ. ಮ್ಯಾಟ್ ಪೇಂಟಿಗೆ ಪಾಲಿಶ್ ಮಾಡಿದರೆ ಆ ಜಾಗ ಮಾತ್ರ ಹೊಳೆಯತೊಡಗುತ್ತದೆ, ಅದನ್ನು ಸರಿಪಡಿಸಲಾಗದು. ಅಲ್ಲಿ ಹಿಕ್ಕೆಯನ್ನು ಎಷ್ಟು ಬೇಗ ನೆನೆಸಿದರೆ ಅಷ್ಟು ಒಳ್ಳೆಯದು. ಪಿಪಿಎಫ್ ಅಂದರೆ ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ರಕ್ಷಣಾ ಫಿಲ್ಮ್. ಅದರ ಮೇಲೆ ದ್ರಾವಕವನ್ನು ಬಟ್ಟೆಗೆ ಹಾಕಿಕೊಂಡು ಬೇಗ ಮುಗಿಸಿ ತೊಳೆಯಿರಿ. ಫಿಲ್ಮಿನ ಅಂಚಿನಡಿ ಇಳಿದರೆ ಅಂಟು ಬಿಡುತ್ತದೆ.

## ವ್ಯಾಕ್ಸ್ ಅಥವಾ ಸೆರಾಮಿಕ್ ಹಾಕಿಸಿದರೆ ಈ ಗೋಳು ತಪ್ಪುತ್ತದೆಯೇ?

ಕಡಿಮೆಯಾಗುತ್ತದೆ, ತಪ್ಪುವುದಿಲ್ಲ. ಎರಡರಿಂದಲೂ ಹಿಕ್ಕೆಯ ಹಿಡಿತ ಸಡಿಲವಾಗಿ ಬೇಗ ಎದ್ದು ಬರುತ್ತದೆ, ಬಟ್ಟೆಯೂ ಜಾರುತ್ತದೆ. ಆದರೆ ಬಿಸಿಲಲ್ಲಿ ದಿನಗಟ್ಟಲೆ ಬಿಟ್ಟರೆ ಸೆರಾಮಿಕ್ ಇದ್ದರೂ ಅಚ್ಚು ಬೀಳುತ್ತದೆ.

ಟಾರ್ ರಿಮೂವರ್ ಮುಟ್ಟಿದ ಕಡೆಯಲ್ಲೆಲ್ಲ ವ್ಯಾಕ್ಸ್ ಕೂಡ ಹೋಗಿರುತ್ತದೆ. ತೊಳೆದ ಮೇಲೆ ನೀರು ಹನಿಗಟ್ಟದೆ ಹಾಳೆಯಂತೆ ಹರಡಿ ನಿಂತರೆ ಅದೇ ಗುರುತು. ಆ ಭಾಗಕ್ಕೆ ಅಂದೇ ತೆಳ್ಳಗೆ ವ್ಯಾಕ್ಸ್ ಹಚ್ಚಿ. ಬಾಗಿಲಿನ ಕೆಳಗಿನ ಒಂದಡಿ ಪಟ್ಟಿಗೆ ಹತ್ತು ನಿಮಿಷ ಹಿಡಿಯುತ್ತದೆ, ಮುಂದಿನ ಸಲ ಡಾಂಬರು ಸಿಡಿಯುವುದೂ ಅಲ್ಲಿಗೇ.